ಕಿಟ್ಟು ಬೇಡ, ಪಟ್ಟಿ ಕೊಡಿ ಸಾರ್

ನಮ್ಮ ಸಿದ್ದಾಪುರದ ಬಂಡೆ ಮೇಲೆ ಅಶೋಕ ಬರೆಸಿದ್ದಾನೆ, ಶಿಷ್ಯ ಗುರುವನ್ನು ಗೌರವಿಸಬೇಕು ಅಂತ. ಗುರುವಿನ ಹತ್ರಾನೇ ನೋಟ್‌ಬುಕ್ ಕೊಳ್ಳಬೇಕು ಅಂತ ಮಾತ್ರ ಎಲ್ಲೂ ಬರೆಸಿಲ್ಲ. ನಮ್ಮ ಮಾವನಿಗೆ ಇದು ಹೇಳಿದ್ರೆ ಸಿಟ್ಟು. ಬಿತ್ತನೆ ಶೇಂಗಾ ಕೊಳ್ಳುವಾಗ ಕಾಯಿ ಒಡೆದು, ಬೀಜ ಕಚ್ಚಿ ನೋಡಿ, ಐವತ್ತು ರೂಪಾಯಿಗೆ ಅರ್ಧ ದಿನ ಜಗ್ಗಾಡೋರು ಇವರು. ಅದೇ ಹೊತ್ತಿಗೆ ಮೊಮ್ಮಗನ ಸ್ಕೂಲಲ್ಲಿ ‘ಕಿಟ್ಟು 2,400’ ಅಂದ್ರೆ, ಬಿಚ್ಚಿಯೂ ನೋಡದೆ ದುಡ್ಡು ಎಣಿಸ್ತಾರೆ!

“ಒಳಗೇನೈತೆ ಮಾವ?”

“ಓದೋದು ಐತೆ ಬಿಡಪ್ಪ!”

ಬಿಚ್ಚಿದೆವು ಅನ್ನಿ. ಸರ್ಕಾರಿ ಪಠ್ಯಪುಸ್ತಕ 400 ರೂಪಾಯಿ. ಅದರ ಬೆಲೆ ಪುಸ್ತಕದ ಮೇಲೇ ಅಚ್ಚಾಗಿರುತ್ತೆ, ಅಲ್ಲಿ ಜಗಳವಿಲ್ಲ. ಖಾಸಗಿ ಪ್ರಕಾಶಕರ ವರ್ಕ್‌ಬುಕ್ಕು, ಜಿಕೆ, ಕಂಪ್ಯೂಟರ್ ಸೇರಿ 800. ಇವು ಪೇಟೆಯಲ್ಲಿ ಸಿಗೋದೇ ಕಷ್ಟ, ಹೋಲಿಸೋದು ಯಾವುದಕ್ಕೆ? ಕಿಟ್ಟಿನ ಗಂಟು ಇರೋದೇ ಇಲ್ಲಿ. ಇನ್ನು ಸ್ಕೂಲಿನ ಹೆಸರು ಅಚ್ಚಾದ ಹನ್ನೆರಡು ನೋಟ್‌ಬುಕ್, ಒಂದಕ್ಕೆ 65ರಂತೆ 780. ಉಳಿದ 420 ಕಂಪಾಸ್ ಬಾಕ್ಸು, ಬಣ್ಣ, ಬೈಂಡ್ ಶೀಟು, ಲೇಬಲ್ಲಿಗೆ.

ಚಳ್ಳಕೆರೆ ಪೇಟೆಯಲ್ಲಿ ಡಜನ್ ಲೆಕ್ಕಕ್ಕೆ ನೋಟ್‌ಬುಕ್ 45ಕ್ಕೆ ಸಿಕ್ತು ಅನ್ನಿ. ಆದರೆ ಪುಸ್ತಕಕ್ಕೆ ಪುಸ್ತಕ ಹೋಲಿಸಬಾರದು, ಪುಟ ನೋಡಬೇಕು. ಕಿಟ್ಟಿನದು 172 ಪುಟ, ಪೇಟೆಯದು 200 ಇದ್ದರೆ, ಕಿಟ್ಟಲ್ಲಿ ಪುಟಕ್ಕೆ 38 ಪೈಸೆ, ಪೇಟೆಯಲ್ಲಿ 23ಕ್ಕೂ ಕಡಿಮೆ. ಹಾಗಂತ ಅಗ್ಗದ್ದೆಲ್ಲ ಲಾಭವಲ್ಲ. ಒಂದು ಹಾಳೆ ಮೇಲೆ ಇಂಕ್ ಪೆನ್ನಲ್ಲಿ ಗೀಚಿ ಹಿಂದೆ ತಿರುಗಿಸಿ ನೋಡಿ. ಶಾಯಿ ಇಳಿದಿದ್ದರೆ ಎರಡು ಮಗ್ಗುಲೂ ಬರೆಯಕ್ಕಾಗಲ್ಲ, 200 ಪುಟ 100 ಆಯ್ತು. ಬಿಲ್ಲೂ ನೋಡಿ: 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ಕು, ಪೆನ್ಸಿಲ್ಲು, ರಬ್ಬರಿಗೆ ಜಿಎಸ್‌ಟಿ ಇಲ್ಲ.

“ಚಳ್ಳಕೆರೆಗೆ ಹೋಗಿಬರೋ ಬಸ್ ಚಾರ್ಜು ನಿಮ್ಮಪ್ಪ ಕೊಡ್ತಾನಾ?” ಅಂತ ಮಾವ.

ನ್ಯಾಯವಾದ ಮಾತೇ. ನೋಟ್‌ಬುಕ್ಕಲ್ಲಿ ಉಳಿಯೋದು 240, ಚಿಲ್ಲರೆ ಸಾಮಾನು 250ಕ್ಕೆ ಸಿಕ್ಕರೆ ಇನ್ನೊಂದು 170. ಒಟ್ಟು 410ರಲ್ಲಿ ಬಸ್ಸು, ಮಿರ್ಚಿ ಮಂಡಕ್ಕಿ, ಒಂದು ಹೊತ್ತಿನ ಕೂಲಿ ಕಳೆದರೆ ಕೈಗೇನು ಬಂತು? ಶಕ್ತಿ ಯೋಜನೆಯ ಬಸ್ಸಲ್ಲಿ ಅತ್ತೇನ ಕಳಿಸಿದರೆ ಚಾರ್ಜೂ ಉಳಿಯುತ್ತೆ, ಮಿರ್ಚಿಯೂ ಉಳಿಯುತ್ತೆ!

ಪೇಟೆಯ ನಿಜವಾದ ಲಾಭ ಅಗ್ಗದಲ್ಲಿಲ್ಲ, ಬೇಡ ಅನ್ನೋದರಲ್ಲಿದೆ. ಅಟ್ಟದ ಮೇಲೆ ಹೋದ ವರ್ಷದ ಖಾಲಿ ನೋಟ್‌ಬುಕ್ ನಾಲ್ಕಿದ್ದರೆ, ಪೇಟೆಯಲ್ಲಿ ಎಂಟೇ ಕೊಳ್ಳಬಹುದು, ಇನ್ನೂ 180 ಉಳಿತು. ಹಳೇ ಕಂಪಾಸ್ ಬಾಕ್ಸಲ್ಲಿ ಕೈವಾರ ಗಟ್ಟಿಯಾಗಿದ್ದರೆ ಹೊಸದ್ಯಾಕೆ? ಕಿಟ್ಟಿಗೆ ಮಾತ್ರ ನಿಮ್ಮ ಅಟ್ಟ ಕಾಣಲ್ಲ, ಹನ್ನೆರಡು ಅಂದರೆ ಹನ್ನೆರಡೇ.

ಕೊನೆಗೆ ಮಾವ ಸ್ಕೂಲಿಗೆ ಹೋಗಿ, “ಕಿಟ್ಟು ಬೇಡ, ಪಟ್ಟಿ ಕೊಡಿ ಸಾರ್” ಅಂದೇಬಿಟ್ಟರು.

“ಎಲ್ಲಾ ಮಕ್ಕಳದೂ ಒಂದೇ ಥರ ಇರಬೇಕು ಯಜಮಾನ್ರೇ.”

“ಹಂಗಾದ್ರೆ ಮಾರ್ಕ್ಸೂ ಎಲ್ಲರಿಗೂ ಒಂದೇ ಥರ ಕೊಡ್ರಿ, ಈಗ್ಲೇ ತಗೊಂತೀನಿ!”