ಮಾನ್ಯ ಪೌರಾಯುಕ್ತರಲ್ಲಿ ವಿಜ್ಞಾಪನೆ

ನಮ್ಮ ಮೂರನೇ ಅಡ್ಡರಸ್ತೆಯಲ್ಲಿ ಮ್ಯಾನ್‌ಹೋಲ್ ಮತ್ತೆ ಉಕ್ಕಿದ ಮಾರನೆಯ ದಿನವೇ ನಿವೃತ್ತ ಮೇಷ್ಟ್ರ ಲೇಖನಿಯೂ ಉಕ್ಕಿತು. ನಾಲ್ಕು ಪುಟದ ಅರ್ಜಿ. ಊರಿನ ಗತವೈಭವದಿಂದ ಶುರುವಾಗಿ, ಬೀದಿನಾಯಿ, ಹಗಲೂ ಉರಿಯುವ ಬೀದಿದೀಪ, ಎದುರುಮನೆಯವರ ಕಾರು ಎಲ್ಲವನ್ನೂ ಸುತ್ತಿ, ಕೊನೆಯ ಪುಟದ ಕೆಳಗೆ ‘ದುರ್ಗಂಧವೂ ಇದೆ’ ಎಂದು ಮುಗಿದಿತ್ತು.

“ಮೇಷ್ಟ್ರೇ, ನಾಯಿ ಆರೋಗ್ಯ ಶಾಖೆಗೆ ಸೇರಿದ್ದು, ಚರಂಡಿ ಎಂಜಿನಿಯರಿಂಗ್‌ನವರದು. ಒಂದೇ ಕಾಗದದಲ್ಲಿ ಎರಡನ್ನೂ ಬರೆದರೆ ಇವರು ಅವರ ಕಡೆ ತೋರಿಸ್ತಾರೆ, ಅವರು ಇವರ ಕಡೆ” ಎಂದೆ. ನಾಯಿಯನ್ನು ಕೈಬಿಡಲು ಅವರಿಗೆ ಬಹಳ ಸಂಕಟವಾಯಿತು.

ಸ್ಥಳ ‘ಗಣಪತಿ ಗುಡಿಯ ಹತ್ತಿರ’ ಎಂದಿತ್ತು. ಗಣಪತಿ ಗುಡಿಯಿಲ್ಲದ ಬಡಾವಣೆ ಯಾವುದಿದೆ? ಉಕ್ಕುತ್ತಿದ್ದ ಗುಂಡಿಯ ಎದುರಿನ ಕರೆಂಟ್ ಕಂಬದ ಮೇಲಿನ ಸಂಖ್ಯೆಯನ್ನು ನೋಡಿ ಬರೆದುಕೊಂಡೆವು. ಅಷ್ಟೂ ಸಾಲದು. ನೀರು ಉಕ್ಕುವ ಜಾಗದಲ್ಲೇ ಕಸ ಸಿಕ್ಕಿಕೊಂಡಿರುವುದಿಲ್ಲ. ಉಕ್ಕುವ ಗುಂಡಿಗೂ ಇಳಿಜಾರಿನಲ್ಲಿ ಅದರ ಮುಂದೆ ಸರಾಗವಾಗಿರುವ ಗುಂಡಿಗೂ ನಡುವಿನ ಕೊಳವೆಯಲ್ಲಿರುತ್ತದೆ. ಮುಚ್ಚಳ ತೆಗೆದು ನೋಡುವುದು ನಗರಸಭೆಯವರ ಕೆಲಸ, ಒಳಗೆ ವಿಷಾನಿಲವಿರುತ್ತದೆ. ಆದರೆ ಹಾಲಿನ ಬೂತಿನ ಮುಂದಿನದು ಉಕ್ಕುತ್ತಿದೆ, ಟೈಲರ್ ಅಂಗಡಿಯ ಮುಂದಿನದು ಉಕ್ಕುತ್ತಿಲ್ಲ ಎಂಬುದು ರಸ್ತೆಯಲ್ಲಿ ನಿಂತವನಿಗೂ ಕಾಣುತ್ತದೆ. ಅದನ್ನೇ ಬರೆದೆವು.

‘ಹಲವು ದಿನಗಳಿಂದ’ ಎಂಬುದನ್ನು ಹೊಡೆದು ‘ಜೂನ್ 12ರಿಂದ’ ಎಂದು ತಿದ್ದಿದೆವು. 14ರಂದು ಬಂದ ಹೀರುವ ಲಾರಿ ಗುಂಡಿ ಖಾಲಿ ಮಾಡಿ ಹೋದದ್ದನ್ನೂ, 16ರಂದು ಮತ್ತೆ ಉಕ್ಕಿದ್ದನ್ನೂ ಸೇರಿಸಿದೆವು. ಅಡ್ಡಿ ಕೊಳವೆಯಲ್ಲಿದೆ ಎಂಬುದಕ್ಕೆ ಆ ಎರಡು ದಿನಾಂಕಗಳೇ ಸಾಕ್ಷಿ.

ಕೋರಿಕೆಯ ಜಾಗದಲ್ಲಿ ಮೇಷ್ಟ್ರು ‘ಸೂಕ್ತ ಕ್ರಮ ಜರುಗಿಸಿ’ ಎಂದಿದ್ದರು. ಹಾಗೆ ಕೇಳಿದರೆ ‘ಸೂಕ್ತ ಕ್ರಮ ಜರುಗಿಸಲಾಗಿದೆ’ ಎಂಬ ಉತ್ತರ ಬರುತ್ತದೆ. ಚರಂಡಿ ಇದ್ದಲ್ಲೇ ಇರುತ್ತದೆ. ಪಕ್ಕದ ಮನೆಯ ರಾಯರು “ಯಾರನ್ನಾದರೂ ಒಳಗೆ ಇಳಿಸಲಿ ಸ್ವಾಮಿ” ಎಂದರು. 2013ರ ಕಾಯ್ದೆ ಅದನ್ನು ನಿಷೇಧಿಸಿದೆ, ಬೇಕಾದರೆ ನೀವೇ ಇಳಿಯಿರಿ ಎಂದು ಮೇಷ್ಟ್ರು ಗದರಿದರು. ಕಡೆಗೆ ಬರೆದದ್ದು ಇಷ್ಟು: ‘ಈ ಎರಡು ಗುಂಡಿಗಳ ನಡುವಿನ ಕೊಳವೆಯನ್ನು ಜೆಟ್ಟಿಂಗ್ ಯಂತ್ರದಿಂದ ಸ್ವಚ್ಛಗೊಳಿಸಬೇಕಾಗಿ ಕೋರಿಕೆ.’

ಅರ್ಧ ಪುಟಕ್ಕಿಳಿದ ಅರ್ಜಿಯನ್ನು ಮೇಷ್ಟ್ರು ಬಡವಾದ ಮಗುವನ್ನು ನೋಡುವಂತೆ ನೋಡಿದರು. ಎರಡು ಪ್ರತಿ ಒಯ್ದು ಟಪಾಲು ಶಾಖೆಯಲ್ಲಿ ಒಂದನ್ನು ಕೊಟ್ಟು, ಇನ್ನೊಂದಕ್ಕೆ ಮೊಹರು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡೆವು. ಮೊಹರಿಲ್ಲದ ಪ್ರತಿ ಮುಂದೆ ಯಾವ ವಾದಕ್ಕೂ ಬರುವುದಿಲ್ಲ.

ಯಂತ್ರ ಬಂತು. ನೀರಿನ ರಭಸಕ್ಕೆ ಟೈಲರ್ ಅಂಗಡಿಯ ಗುಂಡಿಗೆ ತೆಂಗಿನ ನಾರು ಬಂತು, ಚಿಂದಿ ಬಂತು, ಕೊನೆಗೆ ಜರಿಯಂಚಿನ ಸನ್ಮಾನದ ಶಾಲೊಂದು ಬಂತು. ಬಡಾವಣೆಯಲ್ಲಿ ಶಾಲು ಹೊದಿಸಿಕೊಂಡವರು ಒಬ್ಬರೇ. ಅವರು ಆಗಲೇ ನಾಯಿಗಳ ಬಗ್ಗೆ ಬೇರೆ ಅರ್ಜಿ ಬರೆಯಬೇಕೆಂದು ಮನೆಯ ಕಡೆ ಹೊರಟಿದ್ದರು.