ಹನ್ನೊಂದನೇ ಕಂತು

ಅಡ್ವಾನ್ಸ್ ಕೇಳಲು ಬರುವವರನ್ನು ದೂರದಿಂದಲೇ ಗುರುತಿಸಬಹುದು. ರಜೆ ಬೇಕಾದವನು ಬಾಗಿಲಲ್ಲೇ ಮಾತು ಶುರು ಮಾಡುತ್ತಾನೆ. ಸಂಬಳ ಜಾಸ್ತಿ ಮಾಡಿ ಎನ್ನುವವನು ನನ್ನನ್ನು ದಾಟಿಕೊಂಡು ನೇರವಾಗಿ ಮಾಲೀಕರ ಕೊಠಡಿಗೇ ಹೋಗುತ್ತಾನೆ. ಅಡ್ವಾನ್ಸ್ ಬೇಕಾದವನು ಮಾತ್ರ ಮೊದಲು ನನ್ನ ಯೋಗಕ್ಷೇಮ ವಿಚಾರಿಸುತ್ತಾನೆ. ಬೆಳಗಿನ ಹತ್ತೂವರೆಗೆ ಬಂದು ‘ಊಟ ಆಯ್ತಾ ಸಾರ್?’ ಎಂದು ಯಾರಾದರೂ ಕೇಳಿದರೆ, ಪೀಣ್ಯದ ನಮ್ಮ ಸಣ್ಣ ವರ್ಕ್‌ಶಾಪಿನ ಲೆಕ್ಕದ ಮೇಜಿನ ಹಿಂದೆ ಕೂತ ನಾನು ಉತ್ತರ ಕೊಡುವ ಮೊದಲೇ ಎಡಗಡೆಯ ಡ್ರಾಯರ್ ಎಳೆಯುತ್ತೇನೆ. ಅಡ್ವಾನ್ಸ್ ರಿಜಿಸ್ಟರ್ ಇರುವುದು ಅಲ್ಲೇ.

ತಿಂಗಳ ಇಪ್ಪತ್ತನೇ ತಾರೀಕಿನ ಮೇಲೆ ಈ ಕುಶಲಪ್ರಶ್ನೆಗಳು ಹೆಚ್ಚಾಗುತ್ತವೆ. ಮೇ ತಿಂಗಳ ಕೊನೆಯಲ್ಲಂತೂ ಅರ್ಧ ಕಾರ್ಖಾನೆಗೆ ನನ್ನ ಊಟದ್ದೇ ಚಿಂತೆ. ಶಾಲೆ ಶುರುವಾಗುವ ಕಾಲ ನೋಡಿ.

ನಮ್ಮ ಲೇತ್ ಆಪರೇಟರೊಬ್ಬರು ಹಾಗೆ ಬಂದು ಮಗಳ ಶಾಲೆಗೆಂದು 30,000 ರೂಪಾಯಿ ಕೇಳಿದರು. ಅವರ ಸಂಬಳ 20,000; ಅದರಲ್ಲಿ ಬೇಸಿಕ್ಕು 14,000. ಬೇಸಿಕ್ಕಿನ ಮೇಲೆ ಶೇ. 12ರಂತೆ ಪಿಎಫ್ 1,680, ಪೂರ್ತಿ ಸಂಬಳದ ಮೇಲೆ ಮುಕ್ಕಾಲು ಪರ್ಸೆಂಟಿನಂತೆ ಇಎಸ್‌ಐ 150 ಕಳೆದು ಕೈಗೆ ಸಿಗುವುದು 18,170. ಮನೆಯಲ್ಲಿ ಅವರ ಹೆಂಡತಿಗೆ ಗೊತ್ತಿರುವುದು ಈ ಕೊನೆಯ ಅಂಕಿ ಒಂದೇ. ಇಪ್ಪತ್ತು ಸಾವಿರ ಎಂಬುದು ಕಾಗದದ ಮೇಲಿನ ಮಾತು. ಮನೆ ನಡೆಯುವುದು ಹದಿನೆಂಟು ಸಾವಿರದ ನೂರಾ ಎಪ್ಪತ್ತರಲ್ಲಿ.

‘ಹತ್ತು ಕಂತು, ತಿಂಗಳಿಗೆ ಮೂರು ಸಾವಿರ ಹಿಡೀತೀವಿ’ ಅಂದೆ. ‘ಎರಡು ಮಾಡಿ ಸಾರ್, ಮೂರು ಹಿಡಿದ್ರೆ ಕಷ್ಟ’ ಅಂದರು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಎರಡು ಸಾವಿರವಾದರೆ ಹದಿನೈದು ಕಂತು. ಈ ಜೂನ್‌ನಿಂದ ಹಿಡಿಯಲು ಶುರು ಮಾಡಿದರೆ ಮುಂದಿನ ಆಗಸ್ಟಿಗೆ ಮುಗಿಯುತ್ತದೆ. ನಡುವೆ ಇನ್ನೊಂದು ಜೂನ್ ಬಂದು ಶಾಲೆಯವರು ಮತ್ತೆ ಕೈಚಾಚಿರುತ್ತಾರೆ. ಹಳೆಯದು ತೀರುವ ಮುಂಚೆಯೇ ಹೊಸದು ಅದರ ಹೆಗಲೇರುತ್ತದೆ. ಹತ್ತೇ ಕಂತಾದರೆ ಜೂನ್‌ನಿಂದ ಮಾರ್ಚಿಗೆ ತೀರಿತು. ಏಪ್ರಿಲ್, ಮೇ ಎರಡು ತಿಂಗಳು ಪೂರ್ತಿ ಸಂಬಳ ಕೈಗೆ ಸಿಕ್ಕು, ಮನುಷ್ಯ ಉಸಿರು ಬಿಟ್ಟು ಮತ್ತೆ ಡ್ರಾಯರಿನ ಮುಂದೆ ನಿಲ್ಲಬಹುದು. ಹತ್ತು ಕಂತೆಂಬ ಲೆಕ್ಕವನ್ನು ಮೊದಲು ಹಾಕಿದವರು ಯಾರೋ, ವರ್ಷದ ಖರ್ಚು ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆಂದು ಬಲ್ಲ ಸಂಸಾರಸ್ಥರೇ ಇರಬೇಕು.

ಸರ್ಕಾರಕ್ಕೂ ಹತ್ತು ಕಂತೆಂದರೆ ಪ್ರೀತಿ. ಕೇಂದ್ರ ನೌಕರರ ಹಬ್ಬದ ಮುಂಗಡವನ್ನು ಏಳನೇ ವೇತನ ಆಯೋಗದ ಕಾಲಕ್ಕೆ ನಿಲ್ಲಿಸಲಾಗಿತ್ತು. ಕೊರೋನಾದಲ್ಲಿ ವ್ಯಾಪಾರವೆಲ್ಲ ಮಲಗಿದ್ದಾಗ, 2020ರ ಅಕ್ಟೋಬರ್ 12ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅದನ್ನು ಒಂದು ಸಲಕ್ಕೆ ಎಬ್ಬಿಸಿ ಕೂರಿಸಿದರು. ಬಡ್ಡಿಯಿಲ್ಲದ 10,000 ರೂಪಾಯಿ, ಹತ್ತು ಕಂತಿನಲ್ಲಿ ವಸೂಲಿ. ಆದರೆ ಹಣ ಕೈಗಿಲ್ಲ. ರುಪೇ ಕಾರ್ಡಿನಲ್ಲಿ ತುಂಬಿ ಕೊಟ್ಟು, 2021ರ ಮಾರ್ಚ್ 31ರೊಳಗೆ ಖರ್ಚು ಮಾಡಬೇಕೆಂದು ಷರತ್ತು ಹಾಕಿದರು. ಸಾಲ ಕೊಟ್ಟವರು ‘ನೋಡಿ ಖರ್ಚು ಮಾಡಪ್ಪಾ’ ಎನ್ನುವುದು ಲೋಕರೂಢಿ. ಖರ್ಚು ಮಾಡಲೇಬೇಕು ಎಂದು ಗಡುವು ಹಾಕಿ ಸಾಲ ಕೊಟ್ಟವರನ್ನು ನಾನು ಕಂಡಿದ್ದು ಆಗ ಮಾತ್ರ.

ನಮ್ಮಲ್ಲಿ ಕಾರ್ಡಿಲ್ಲ, ಗಡುವೂ ಇಲ್ಲ. ಬಿಳಿ ಹಾಳೆಯಲ್ಲಿ ಒಂದು ಅರ್ಜಿ, ಮಾಲೀಕರ ಸಹಿ, ರಿಜಿಸ್ಟರಿನಲ್ಲಿ ಒಂದು ಸಾಲು. ಹೊಸದಾಗಿ ಸೇರಿದ ಗುಮಾಸ್ತರು ಎಡವುವುದು ಇಲ್ಲೇ. ಕೊಟ್ಟ ಮೂವತ್ತು ಸಾವಿರವನ್ನು ಮೇ ತಿಂಗಳ ಸಂಬಳದ ಖರ್ಚಿಗೆ ಸೇರಿಸಿಬಿಡುತ್ತಾರೆ. ಅದು ಖರ್ಚಲ್ಲ, ನಮಗೆ ಬರಬೇಕಾದ ದುಡ್ಡು, ಕಂಪನಿಯ ಆಸ್ತಿ. ಆ ಆಪರೇಟರ್ ಹೆಸರಿನ ಮುಂಗಡ ಖಾತೆಯಲ್ಲಿ ಕೂತಿರಬೇಕು. ಜೂನ್‌ನಲ್ಲಿ ಸಂಬಳದ ಖರ್ಚು ಎಂದಿನಂತೆ ಪೂರ್ತಿ 20,000. ಅದರಲ್ಲಿ ಮೂರು ಸಾವಿರ ಬ್ಯಾಂಕಿನಿಂದ ಹೋಗುವ ಬದಲು ಮುಂಗಡ ಖಾತೆಗೆ ಜಮೆಯಾಗುತ್ತದೆ, ಅಷ್ಟೇ. ಗುಮಾಸ್ತ ಎಡವಿದರೆ ವರ್ಷಾಂತ್ಯಕ್ಕೆ ಅದೇ ಮೂವತ್ತು ಸಾವಿರ ಎರಡು ಸಲ ಖರ್ಚಾಗಿ, ಮಾಲೀಕರು ‘ಇಷ್ಟೊಂದು ಸಂಬಳ ಯಾರಿಗೆ ಕೊಟ್ವಿ ನಾವು?’ ಎಂದು ಎಲ್ಲರ ಮುಖ ನೋಡುತ್ತಾರೆ.

ಆಪರೇಟರ್ ತರ್ಕವೇ ಬೇರೆ. ಜೂನ್ ಸಂಬಳದ ಚೀಟಿಯಲ್ಲಿ 15,170 ನೋಡಿ ವಾಪಸ್ ಬಂದರು. ‘ಕೈಗೆ ಬಂದಿರೋದೇ ಕಮ್ಮಿ. ಪಿಎಫ್ ಮಾತ್ರ ಅಷ್ಟೇ ಹಿಡಿದಿದ್ದೀರಲ್ಲ ಸಾರ್?’ ಸಂಬಳ ಕಮ್ಮಿಯಾಗಿಲ್ಲ, ದುಡಿದದ್ದು ಪೂರ್ತಿಯೇ. ಅದರಲ್ಲಿ ಒಂದು ಪಾಲನ್ನು ಮೇ ತಿಂಗಳಲ್ಲೇ ತಗೊಂಡಾಗಿದೆ ಎಂದು ವಿವರಿಸಿದೆ. ಪಿಎಫ್, ಇಎಸ್‌ಐ, ದೊಡ್ಡ ಸಂಬಳದವರಿಗಾದರೆ ಆದಾಯ ತೆರಿಗೆ, ಎಲ್ಲವೂ ದುಡಿದ ಸಂಬಳದ ಮೇಲೆಯೇ ಹೊರತು ಕಂತು ಕಳೆದು ಉಳಿದದ್ದರ ಮೇಲಲ್ಲ. ಅವರು ತಲೆಯಾಡಿಸಿದರು. ಒಪ್ಪಿದ್ದಕ್ಕಲ್ಲ, ವಾದ ಸಾಕೆಂದು. ಮೇ ತಿಂಗಳಲ್ಲಿ ಬಂದ ಮೂವತ್ತು ಸಾವಿರ ಶಾಲೆಯ ರಸೀದಿಯಾಗಿ ಬೀರುವಿನೊಳಗೆ ಸೇರಿತ್ತು. ಹೋಗುವ ಮೂರು ಸಾವಿರ ಪ್ರತಿ ತಿಂಗಳೂ ಕಣ್ಣೆದುರೇ ಹೋಗಬೇಕು. ಒಂದೇ ದುಡ್ಡು, ಬಂದದ್ದು ಒಂದು ಸಲ, ಹೋಗುವುದು ಹತ್ತು ಸಲ.

ಸಂಬಳಕ್ಕೆ ಮೊದಲೇ ಹಣ ಕೊಡುವ ಪದ್ಧತಿಗೆ ಚರಿತ್ರೆಯಲ್ಲಿ ಒಳ್ಳೆಯ ಹೆಸರಿಲ್ಲ ಎಂಬುದನ್ನೂ ಹೇಳಬೇಕು. ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟರು ಅವನನ್ನು ಜೈಲಿಗೆ ಕಳಿಸಬಹುದೆಂದು 1859ರಲ್ಲಿ ಬ್ರಿಟಿಷರು ಕಾನೂನು ಮಾಡಿದ್ದರು. ತೋಟದ ದೊರೆಗಳಿಗೆ ಅದು ಬಹಳ ಅನುಕೂಲವಾಗಿತ್ತು. ನಮ್ಮ ಹಳ್ಳಿಗಳ ಜೀತವೂ ಶುರುವಾಗುತ್ತಿದ್ದುದು ಮದುವೆಗೋ ತಿಥಿಗೋ ಪಡೆದ ಸಣ್ಣ ಮುಂಗಡದಿಂದಲೇ. ಆ ಸಾಲಕ್ಕೂ ‘ದುಡಿದು ತೀರಿಸು’ ಎಂಬುದೇ ಷರತ್ತು. ಆದರೆ ತಿಂಗಳಿಗೆಷ್ಟು ತೀರಿತು, ಇನ್ನೆಷ್ಟಿದೆ ಎಂಬ ಲೆಕ್ಕ ಧಣಿಯ ಬಾಯಲ್ಲಿರುತ್ತಿತ್ತೇ ಹೊರತು ದುಡಿದವನ ಕೈಯಲ್ಲಿ ಒಂದು ಚೀಟಿ ಇರುತ್ತಿರಲಿಲ್ಲ. 1976ರ ಕಾಯ್ದೆ ಜೀತವನ್ನೂ ಆ ಸಾಲವನ್ನೂ ಒಟ್ಟಿಗೇ ರದ್ದು ಮಾಡಿತು. ಹಾಗಾಗಿ ಸಂಬಳದ ಚೀಟಿಯಲ್ಲಿ ‘ಕಂತು 4/10, ಬಾಕಿ 18,000’ ಎಂದು ಅಚ್ಚಾಗಿದೆಯೋ ಇಲ್ಲವೋ ಎಂಬ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟ. ಬರೀ ‘ಕಡಿತ 3,000’ ಎಂದು ಬಂದರೆ ಸಾಫ್ಟ್‌ವೇರಿನ ಹುಡುಗನಿಗೆ ಫೋನ್ ಹೋಗುತ್ತದೆ.

ನವೆಂಬರಿನಲ್ಲಿ ಆಪರೇಟರ ತಾಯಿಗೆ ಹುಷಾರಿಲ್ಲದೆ ಒಂಬತ್ತು ದಿನ ಸಂಬಳವಿಲ್ಲದ ರಜೆಯಾಯಿತು. 30 ದಿನದಲ್ಲಿ 21 ದಿನದ ಸಂಬಳ 14,000. ಪಿಎಫ್ 1,176, ಇಎಸ್‌ಐ 105. ಮೂರು ಸಾವಿರವನ್ನೂ ಹಿಡಿದರೆ ಮನೆಗೆ ಹೋಗುವುದು 9,719. ಕಾನೂನಿನ ಅಡ್ಡಿಯೇನೂ ಇರಲಿಲ್ಲ. ಎಲ್ಲ ಕಡಿತವೂ ಸೇರಿ ಸಂಬಳದ ಅರ್ಧ ದಾಟಬಾರದು ಎಂದು 1936ರ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, ಈಗ ಅದರ ಜಾಗಕ್ಕೆ ಬಂದಿರುವ ವೇತನ ಸಂಹಿತೆಯಲ್ಲೂ ಇದೆ. ಇಲ್ಲಿ ಅರ್ಧವೆಂದರೆ ಏಳು ಸಾವಿರ, ನಮ್ಮ ಕಡಿತ 4,281. ಆದರೆ ಆಸ್ಪತ್ರೆಯಿಂದ ಬಂದವರ ಮುಖ ನೋಡಿಕೊಂಡು ಕಾನೂನು ಹೇಳುವುದು ಹೇಗೆ? ಮಾಲೀಕರು ‘ಈ ತಿಂಗಳು ಅರ್ಧ ಹಿಡೀರಿ ಸಾಕು’ ಅಂದರು. ಹೇಳಿ ಟೀ ಕುಡಿಯಲು ಹೋದರು.

ಮಾಲೀಕರ ಔದಾರ್ಯ ಒಂದು ಮಾತಿನಲ್ಲಿ ಮುಗಿಯುತ್ತದೆ, ಸಾಫ್ಟ್‌ವೇರಿಗೆ ಅದು ಬಾಯಿಮಾತಿನಲ್ಲಿ ತಿಳಿಯುವುದಿಲ್ಲ. ಒಂದೂವರೆ ಸಾವಿರ ಬಿಟ್ಟಿದ್ದೇವೆ ಸರಿ, ಅದು ಹೋಗಿ ಕೂರುವುದೆಲ್ಲಿ? ಹತ್ತು ಕಂತು ಎಂದಷ್ಟೇ ತಿಳಿದ ಯಂತ್ರ ಮಾರ್ಚಿಗೆ ನಿಂತುಬಿಡುತ್ತದೆ. ಆಗ ವಸೂಲಾಗಿರುವುದು 28,500, ಉಳಿದ 1,500 ಖಾತೆಯಲ್ಲಿ ಅನಾಥವಾಗಿ ನೇತಾಡುತ್ತದೆ. ತಿಂಗಳಿಗೆ ಮೂರು ಸಾವಿರ ಎಂದಷ್ಟೇ ತಿಳಿದ ಯಂತ್ರ ಏಪ್ರಿಲ್‌ನಲ್ಲಿ ಇನ್ನೊಂದು ಮೂರು ಸಾವಿರ ಎಳೆದುಕೊಳ್ಳುತ್ತದೆ. ಆಗ ಕಂಪನಿಯೇ ಆಪರೇಟರಿಗೆ ಸಾಲಗಾರ. ಸರಿಯಾದ ದಾರಿ ಒಂದೇ. ಕಂತು, ಬಾಕಿ ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನೇ ಹಿಡಿಯಬೇಕು, ಬಾಕಿ ಸೊನ್ನೆಯಾದ ಮೇಲೆ ಕೈ ಮುಗಿಯಬೇಕು. ಹಾಗೆ ಆಗಿದೆಯೇ ಎಂದು ನೋಡಲು ತಿಂಗಳ ಕೊನೆಗೆ ರಿಜಿಸ್ಟರಿನ ಬಾಕಿಗಳನ್ನೆಲ್ಲ ಕೂಡಿ, ಖಾತೆಯ ಮೊತ್ತದ ಪಕ್ಕ ಇಡುತ್ತೇನೆ. ಎರಡೂ ಒಂದೇ ಇದ್ದರೆ ಆ ದಿನ ನನ್ನ ಊಟ ನಿಜವಾಗಿ ಆಗಿದೆ ಎಂದರ್ಥ. ಯಾರ ಹೆಸರಿನ ಮುಂದಾದರೂ ಮೈನಸ್ ಕಂಡರೆ, ತೀರಿದ ಸಾಲಕ್ಕೆ ಒಬ್ಬ ಬಡಪಾಯಿ ಇನ್ನೂ ದುಡ್ಡು ಕಟ್ಟುತ್ತಿದ್ದಾನೆ.

ಈ ಸಾಲಕ್ಕೆ ಅಡಮಾನವಿಲ್ಲ, ಜಾಮೀನಿಲ್ಲ. ಮುಂದಿನ ತಿಂಗಳೂ ಮನುಷ್ಯ ಕೆಲಸಕ್ಕೆ ಬರುತ್ತಾನೆ ಎಂಬ ನಂಬಿಕೆಯೊಂದೇ ಆಧಾರ. ಒಬ್ಬ ಹೆಲ್ಪರ್ ಹುಡುಗ ಹಬ್ಬಕ್ಕೆಂದು ಊರಿಗೆ ಹೋದವನು ಬರಲೇ ಇಲ್ಲ. ಕೊನೆಯ ಸಂಬಳದಲ್ಲಿ ಹಿಡಿದು ಇನ್ನೂ 4,000 ಉಳಿಯಿತು. ಆ ನಾಲ್ಕು ಸಾವಿರ ವರ್ಷವರ್ಷವೂ ಲೆಕ್ಕದಲ್ಲಿ ತಪ್ಪದೆ ಹಾಜರಿ ಹಾಕಿತು, ಹುಡುಗನಿಗಿಂತ ನಿಯತ್ತಾಗಿ. ಆಡಿಟರು ಪ್ರತಿ ಸಲವೂ ‘ಇದು ಬರುತ್ತಾ?’ ಎನ್ನುತ್ತಿದ್ದರು, ನಾನು ‘ನೋಡೋಣ ಸಾರ್’ ಎನ್ನುತ್ತಿದ್ದೆ. ಕೊನೆಗೊಂದು ಮಾರ್ಚಿನಲ್ಲಿ ಅದನ್ನು ಬಾರದ ಬಾಬ್ತಿಗೆ ಬರೆದು ಹಾಕಿದೆವು. ಮಾಲೀಕರು ಅಂದಿನಿಂದ ಸಂಬಳದ ಒಂದೂವರೆಪಟ್ಟಿಗಿಂತ ಹೆಚ್ಚು ಅಡ್ವಾನ್ಸ್ ಕೊಡುವುದಿಲ್ಲ.

ಆಪರೇಟರಿಗೆ ಏಪ್ರಿಲ್‌ನಲ್ಲಿ ಹನ್ನೊಂದನೇ ಕಂತಾಗಿ 1,500 ಹಿಡಿದು ಖಾತೆ ಮುಚ್ಚಿತು. ಮೇ ಸಂಬಳ ಪೂರ್ತಿ 18,170 ಹೋಯಿತು. ಮನೆಯಲ್ಲಿ ಹೆಂಡತಿ ‘ಸಂಬಳ ಜಾಸ್ತಿ ಮಾಡಿದ್ರಾ?’ ಎಂದು ಕೇಳಿದರಂತೆ. ಇವರು ‘ಹೂಂ’ ಅಂದರಂತೆ. ಈ ವರ್ಷ ಶಾಲೆಯವರು ಫೀಸು ಏರಿಸಿದ್ದಾರೆ, ಅರ್ಜಿಯಲ್ಲಿ 35,000 ಎಂದಿದೆ. ಒಂದೂವರೆಪಟ್ಟು ಮೂವತ್ತೇ ಆಗುತ್ತದಲ್ಲ ಎಂದೆ. ‘ಸಂಬಳ ಸ್ವಲ್ಪ ಜಾಸ್ತಿ ಮಾಡಿದ್ರೆ ಸರಿಹೋಗುತ್ತೆ ಸಾರ್, ಮನೇಲಿ ಹೇಗೂ ಹೇಳಿದ್ದೀನಿ’ ಎಂದರು. ಅದನ್ನು ಮಾಲೀಕರ ಕೊಠಡಿಯಲ್ಲೇ ಕೇಳಬೇಕೆಂದು ಬಾಗಿಲು ತೋರಿಸಿ, ಮೂವತ್ತು ಸಾವಿರಕ್ಕೆ ಹೊಸ ಸಾಲು ಬರೆದೆ.