ಗಂಟೆಯ ಶಾನುಭೋಗರು

1923ರಲ್ಲಿ ಕುಲುಮೆ ಹೊತ್ತಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಟೈಂ ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದ ತಂದೆಯ ಮಗನಾಗಿ ಹುಟ್ಟಿ, ಶಿವಮೊಗ್ಗದ ಪುಟ್ಟ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪರದೇಶದ ಗಿರಾಕಿಗಳಿಗೆ ಗಂಟೆಯ ಲೆಕ್ಕದಲ್ಲಿ ಬಿಲ್ ಬರೆಯುವ ಭಾರವನ್ನು ಹೊತ್ತಿರುವ ಈ ಮಹನೀಯರನ್ನು ನಾವು ಗಂಟೆಯ ಶಾನುಭೋಗರೆಂದು ಕರೆಯುವುದುಂಟು. ಬೆನ್ನ ಹಿಂದೆ ಮಾತ್ರ.

ತಿಂಗಳಿನ ಕೊನೆಯೆರಡು ದಿನ ಅವರ ಮುಖದಲ್ಲಿ ಸುಗ್ಗಿಯ ಕಳೆ. ಬಿಲ್ ಹೊರಟ ಮೇಲೆ ತಪ್ಪು ಸಿಕ್ಕರೆ ಕ್ರೆಡಿಟ್ ನೋಟ್ ಬರೆದು, ಕ್ಷಮೆ ಕೇಳಿ, ಮುಂದಿನ ಬಿಲ್ಲುಗಳೆಲ್ಲ ಶಂಕೆಗೆ ಪಾತ್ರವಾಗುವುದನ್ನು ಸಹಿಸಬೇಕಾದುದರಿಂದ, ಶೋಧನೆಯೆಲ್ಲ ಅದಕ್ಕೆ ಮೊದಲೇ ಮುಗಿಯತಕ್ಕದ್ದು. ಐದು ದಿನವೂ ಸರಿಯಾಗಿ ಎಂಟೆಂಟು ಗಂಟೆ ಬರೆದವನನ್ನು ಕಂಡರೆ ಅವರಿಗೆ ಮೊದಲ ಗುಮಾನಿ: ವಾರಾಂತ್ಯದಲ್ಲಿ ನೆನಪಿನಿಂದ ತುಂಬಿದ ಹಾಳೆಯಷ್ಟೇ ಅಷ್ಟು ಚೊಕ್ಕಟವಾಗಿರುವುದು ಸಾಧ್ಯ.

ಕಳೆದ ತಿಂಗಳು 417ನೆಯ ಟಿಕೆಟ್ಟಿನ ಮೇಲೆ ಹುಡುಗನೊಬ್ಬನ ಹೆಸರಿನಲ್ಲಿ ಹದಿನಾರೂವರೆ ಗಂಟೆ ಕಾಣಿಸಿತು: ಶುಕ್ರವಾರ ಸಂಜೆ 4.40ರಿಂದ ಶನಿವಾರ ಬೆಳಿಗ್ಗೆ 9.10ರವರೆಗೆ.

“ಏನಪ್ಪಾ, ರಾತ್ರಿಯೆಲ್ಲ ನೀನು ದುಡಿದೆಯೋ, ನಿನ್ನ ಟೈಮರ್ ದುಡಿಯಿತೋ?”

“ಬಸ್ಸು ಹೊರಟುಬಿಡ್ತಿತ್ತು ಸಾರ್, ನಿಲ್ಲಿಸೋದು ಮರೆತೆ.”

ಕೋಡ್ ಒಪ್ಪಿಸಿದುದು 6.05ಕ್ಕೆ, ಪರೀಕ್ಷೆಗೆ ಸಿದ್ಧವೆಂದು ಟಿಕೆಟ್ಟಿನಲ್ಲಿ ಬರೆದುದು 6.10ಕ್ಕೆ. ಒಂದೂವರೆ ಗಂಟೆಯೆಂದು ತೀರ್ಮಾನವಾಯಿತು. ಆದರೆ ಕೋಡಿನ ದಾಖಲೆ ಕೆಲಸ ಮುಗಿದ ಹೊತ್ತನ್ನು ಹೇಳೀತೇ ಹೊರತು ತಲೆ ಕೆರೆದುಕೊಂಡು ಕುಳಿತ ಹೊತ್ತನ್ನಲ್ಲ. ಆದುದರಿಂದ ಹುಡುಗನ ಬಾಯಿಂದ ಒಪ್ಪಿಗೆ ಪಡೆಯದೆ ಅವರು ಅಂಕಿ ಮುಟ್ಟಲಿಲ್ಲ. ಮುಟ್ಟಿದ ಮೇಲೂ ಹಳೆಯ ಅಂಕಿಯನ್ನು ಅಳಿಸಿಹಾಕದೆ, ಕಾರಣವನ್ನೂ ತಿದ್ದಿದವರ ಹೆಸರನ್ನೂ ಪಕ್ಕದಲ್ಲಿಯೇ ಬರೆದಿಟ್ಟರು.

ಕಡಿತಗೊಳಿಸುವುದಷ್ಟೇ ಅವರ ಧರ್ಮವೆಂದು ತಿಳಿದಿದ್ದ ಹುಡುಗ ಎದ್ದು ಹೊರಡಲಿದ್ದಾಗ, “ಕೂತ್ಕೋ, ಬುಧವಾರದ್ದೆಲ್ಲಿ?” ಎಂದರು. ಅದೇ ಟಿಕೆಟ್ಟಿನ ವಿಚಾರವಾಗಿ ಗಿರಾಕಿಯೊಡನೆ ಮುಕ್ಕಾಲು ಗಂಟೆ ಮಾತಾಡಿದುದು ಕ್ಯಾಲೆಂಡರಿನಲ್ಲಿತ್ತು, ಹಾಳೆಯಲ್ಲಿರಲಿಲ್ಲ. ಸೇರಿಸಿದರೆ ಎರಡೂಕಾಲು ಗಂಟೆ.

ಇಷ್ಟಕ್ಕೆ ಮುಗಿಯಿತೆನ್ನುವಂತಿಲ್ಲ. ಶುಕ್ರವಾರದ ಆ ಒಂದೂವರೆ ಗಂಟೆ ನಮ್ಮದೇ ಹಿಂದಿನ ತಪ್ಪನ್ನು ಸರಿಪಡಿಸಲು ಸಂದದ್ದು. ನಮ್ಮ ಕರಾರಿನ ಪ್ರಕಾರ ಅದಕ್ಕೆ ಗಿರಾಕಿ ಹಣ ತೆರಬೇಕಾಗಿಲ್ಲ. ಯಜಮಾನರು ಅದನ್ನು ಅಳಿಸಿಬಿಡಿರೆಂದರು. ಶಾನುಭೋಗರು ಒಪ್ಪಲಿಲ್ಲ. ದುಡಿದ ಗಂಟೆ ಬೇರೆ, ಬಿಲ್ಲಿಗೆ ಬರುವ ಗಂಟೆ ಬೇರೆ. ಮೊದಲನೆಯದನ್ನು ಅಳಿಸಿದರೆ ನಮ್ಮ ತಪ್ಪಿಗೆ ನಾವೆಷ್ಟು ತೆತ್ತೆವೆಂಬುದು ನಮಗೇ ತಿಳಿಯದೆಂದು ವಾದಿಸಿ, ಗಂಟೆಯನ್ನು ಉಳಿಸಿ, ಬಿಲ್ಲಿನ ಗುರುತನ್ನಷ್ಟೇ ತೆಗೆದರು. ಹದಿನಾರೂವರೆ ಗಂಟೆಯ ಆನೆ ಬಿಲ್ಲಿನಲ್ಲಿ ಮುಕ್ಕಾಲು ಗಂಟೆಯ ಇಲಿಯಾಯಿತು.

ಆ ಸಂಜೆ ಭದ್ರಾವತಿಯ ಬಸ್ಸಿನಲ್ಲಿ ನಾನೂ ಅವರ ಪಕ್ಕದಲ್ಲಿದ್ದೆ. ಕಂಡಕ್ಟರು ಕೊಟ್ಟ ಟಿಕೆಟ್ಟಿನ ಮೇಲಿನ ವೇಳೆಯನ್ನು ಕೈಗಡಿಯಾರದೊಡನೆ ತಾಳೆ ನೋಡಿದ ಶಾನುಭೋಗರು, ಕನ್ನಡಕವನ್ನು ಹಣೆಗೇರಿಸಿ, “ಸ್ವಾಮಿ, ನಿಮ್ಮ ಯಂತ್ರ ನಾಲ್ಕು ನಿಮಿಷ ಮುಂದಿದೆ” ಎಂದರು.